241 ಮಕ್ಕಳನ್ನೇ ಏಕೆ ಕೇಳಬೇಕು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಸಾಫ್ಟ್‌ವೇರ್ ಬಗ್ಗೆ ಮಾತಾಡಲು ಕರೆದಿದ್ದಾರೆ. ಆದರೆ ಕಳೆದ ತಿಂಗಳ ಸಮಿತಿ ಸಭೆಯಲ್ಲಿ ಎದ್ದ ಒಂದು ಜಗಳ ಇನ್ನೂ ಬಗೆಹರಿದಿಲ್ಲ. ಅದಕ್ಕೊಂದು ಲೆಕ್ಕವಿದೆ. ಅದನ್ನೇ ಹೇಳುತ್ತೇನೆ, ಅಪ್ಪಣೆ ಇರಲಿ.

ಜಗಳ ಇಷ್ಟು. ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ವಾಚನಾಲಯ ಮಾಡಿ, ದಿನಪತ್ರಿಕೆ ಮತ್ತು ಮಾಸಪತ್ರಿಕೆ ತರಿಸಬೇಕೆಂದು ಕೆಲವರು ಹೇಳಿದರು. ಬೆಂಗಳೂರಿನಿಂದ ಬಂದ ನನ್ನಂಥವರು, ಈಗ ಯಾವ ಮಗು ಪತ್ರಿಕೆ ಓದುತ್ತದೆ, ಎಲ್ಲರ ಕೈಯಲ್ಲೂ ಫೋನ್ ಇದೆ, ಟ್ಯಾಬ್ ಕೊಡಿಸೋಣ ಎಂದೆವು. ಆಗ ನಮ್ಮ ಟೀಚರೊಬ್ಬರು, "ಫೋನ್ ಮನೆಯಲ್ಲಿದೆ ಸರಿ. ಆದರೆ ಅದು ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತದೆ, ಸಂಜೆ ಚಾರ್ಜ್ ಮುಗಿದು ಬರುತ್ತದೆ. ಮಗುವಿನ ಕೈಗೆ ಎಷ್ಟು ಹೊತ್ತು ಸಿಗುತ್ತದೆ ಅಂತ ಯಾರಾದರೂ ಕೇಳಿದ್ದೀರಾ?" ಎಂದರು. ಯಾರೂ ಕೇಳಿರಲಿಲ್ಲ. ನಾನು ಓದುವಾಗ ಪೇಟೆಯ ಹೋಟೆಲಿಗೆ ಬರುತ್ತಿದ್ದ ಒಂದೇ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತಿದ್ದೆವು, ಮನೆಯಲ್ಲಿ ಹೊಸಪೇಟೆ ಆಕಾಶವಾಣಿ ಇರುತ್ತಿತ್ತು. ಈಗಿನ ಮಕ್ಕಳ ದಿನ ಹೇಗಿದೆಯೆಂಬುದು ನಮಗೆ ಊಹೆ ಮಾತ್ರ. ಹಾಗಾಗಿ ಮಕ್ಕಳನ್ನೇ ಕೇಳೋಣ, ಸಮೀಕ್ಷೆ ಮಾಡೋಣ ಎಂದು ತೀರ್ಮಾನವಾಯಿತು. ಎಷ್ಟು ಮಕ್ಕಳನ್ನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದನ್ನು ನನಗೆ ಬಿಟ್ಟರು.

ಪ್ರೌಢಶಾಲೆ ಮತ್ತು ಪದವಿಪೂರ್ವ ಎರಡೂ ಸೇರಿ ನಮ್ಮ ಆವರಣದಲ್ಲಿ 640 ಮಕ್ಕಳು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇನೆ. ಇನ್ನು ಮುಂದೆ ನಾನು ಹೇಳುವ ಉತ್ತರಗಳ ಅಂಕಿಗಳೂ ಉದಾಹರಣೆಗೆ ಕಲ್ಪಿಸಿಕೊಂಡವು. ನಿಜವಾದ ಉತ್ತರ ನೀವು ಮಕ್ಕಳು ಬರೆದುಕೊಟ್ಟ ಮೇಲೆಯೇ ಗೊತ್ತಾಗುವುದು.

ಮೊದಲು ಹರಪನಹಳ್ಳಿ ಮಾರುಕಟ್ಟೆಗೆ ಹೋಗೋಣ. ಮೆಕ್ಕೆಜೋಳದ ರಾಶಿ ಬಿದ್ದಿದೆ. ತೇವ ಎಷ್ಟಿದೆ ಎಂದು ನೋಡಲು ವ್ಯಾಪಾರಿ ರಾಶಿಯನ್ನೆಲ್ಲ ಯಂತ್ರಕ್ಕೆ ಸುರಿಯುವುದಿಲ್ಲ. ಒಂದು ಹಿಡಿ ಕಾಳು ಹಾಕುತ್ತಾನೆ. ಹತ್ತು ಚೀಲದ ರಾಶಿಗೂ ಒಂದು ಹಿಡಿ, ಸಾವಿರ ಚೀಲದ ರಾಶಿಗೂ ಹೆಚ್ಚುಕಡಿಮೆ ಅದೇ ಒಂದು ಹಿಡಿ. ರಾಶಿ ನೂರು ಪಟ್ಟು ದೊಡ್ಡದಾಯಿತೆಂದು ಹಿಡಿ ನೂರು ಪಟ್ಟಾಗುವುದಿಲ್ಲ. ಆದರೆ ಬಲ್ಲ ರೈತನಿಗೆ ಇನ್ನೊಂದು ಗೊತ್ತು: ಬಿಸಿಲಿಗೆ ಒಣಗಿದ ಮೇಲಿನ ಕಾಳನ್ನೇ ಹಿಡಿದರೆ ಲೆಕ್ಕ ಸುಳ್ಳಾಗುತ್ತದೆ. ಮೇಲೆ, ನಡುವೆ, ತಳದಲ್ಲಿ ಕೈ ಹಾಕಿ ಕಲಸಿ ತೆಗೆಯಬೇಕು. ಹಿಡಿ ಎಷ್ಟಿರಬೇಕು ಎಂಬುದು ಒಂದು ಪ್ರಶ್ನೆ, ಎಲ್ಲಿಂದ ಹಿಡಿಯಬೇಕು ಎಂಬುದು ಇನ್ನೊಂದು. ಸಮೀಕ್ಷೆಯಲ್ಲೂ ಇವೆರಡೇ. ಮೊದಲನೆಯದಕ್ಕೆ ಸೂತ್ರವಿದೆ. ಎರಡನೆಯದಕ್ಕೆ ಇಲ್ಲ.

ಸೂತ್ರ ನೋಡೋಣ. ನಾವು ಆರಿಸಿ ಕೇಳುವ ಮಕ್ಕಳ ಗುಂಪಿಗೆ ಮಾದರಿ ಎನ್ನುತ್ತಾರೆ. ಚೀಟಿ ಎತ್ತಿ ಮಾದರಿ ಆರಿಸಿದರೆ, ಒಂದು ಸಲ ಪತ್ರಿಕೆ ಓದುವವರು ಸ್ವಲ್ಪ ಹೆಚ್ಚು ಬೀಳಬಹುದು, ಇನ್ನೊಂದು ಸಲ ಕಡಿಮೆ. ಚೀಟಿಯ ಈ ಅದೃಷ್ಟದಿಂದ ನಮ್ಮ ಶೇಕಡಾವಾರು ಎಷ್ಟು ಮೇಲೆ ಕೆಳಗೆ ಆಗಬಹುದೋ ಅದೇ ದೋಷಮಿತಿ, ಟಿ.ವಿ.ಯ ಚುನಾವಣಾ ಸಮೀಕ್ಷೆಯಲ್ಲಿ ಹೇಳುವ ಮಾರ್ಜಿನ್ ಆಫ್ ಎರರ್. ನಮಗೆ ಅದು ಶೇ. 5ರ ಒಳಗಿರಲಿ ಎಂದು ಮೊದಲೇ ನಿರ್ಧರಿಸೋಣ. ಎಷ್ಟು ಭರವಸೆ ಬೇಕು? ಹೀಗೆ ನೂರು ಸಲ ಚೀಟಿ ಎತ್ತಿದರೆ ಸುಮಾರು 95 ಸಲ ನಿಜವಾದ ಸಂಖ್ಯೆ ನಮ್ಮ ಮಿತಿಯೊಳಗೆ ಬರಬೇಕು ಎನ್ನುವುದು ವಾಡಿಕೆ. ಆ 95ಕ್ಕೆ ತಕ್ಕ ಗುಣಕ 1.96.

```
n0 = 1.96 × 1.96 × 0.5 × 0.5 / (0.05 × 0.05) = 384.16
```

ಇಲ್ಲಿ ಎರಡು ಸಲ ಬಂದ 0.5 ಏನು ಎಂದು ಹತ್ತನೇ ತರಗತಿಯವರು ಕೇಳಬೇಕು. ಒಂದು 0.5 ಪತ್ರಿಕೆ ಓದುವವರ ಪಾಲು, ಇನ್ನೊಂದು ಓದದವರ ಪಾಲು. ಓದುವವರು ಎಷ್ಟೆಂಬುದೇ ಗೊತ್ತಿಲ್ಲದಿರುವಾಗ ಅರ್ಧ ಎಂದು ಹೇಗೆ ಹಾಕಿದಿರಿ? ಗೊತ್ತಿಲ್ಲದಿರುವುದರಿಂದಲೇ ಹಾಕಿದ್ದು. ಹತ್ತರಲ್ಲಿ ಒಂಬತ್ತು ಮಂದಿ ಒಂದೇ ಕಡೆ ಇದ್ದರೆ 0.9 × 0.1 = 0.09. ಅರ್ಧಕ್ಕರ್ಧ ಇದ್ದರೆ 0.25. ಅರ್ಧಕ್ಕರ್ಧ ಇರುವಾಗಲೇ ಚೀಟಿ ಅತಿ ಹೆಚ್ಚು ಕೈಕೊಡುವುದು. ಅಂಥ ಕೆಟ್ಟ ಸ್ಥಿತಿಗೂ ಸಾಕಾಗುವಷ್ಟು ಜನರನ್ನು ಕೇಳಿದರೆ ಉಳಿದ ಎಲ್ಲಕ್ಕೂ ಸಾಕು.

ಉತ್ತರ 384.16. ಅರೆಬರೆ ಮಗುವನ್ನು ಕೇಳಲಾಗದು, 385 ಎನ್ನೋಣ. ಇದು ಮಿತಿಯಿಲ್ಲದಷ್ಟು ದೊಡ್ಡ ರಾಶಿಗೆ. ನಮ್ಮ ಶಾಲೆ ಚಿಕ್ಕದು. 640ರಲ್ಲಿ ದೊಡ್ಡ ಪಾಲನ್ನೇ ಕೇಳಿಬಿಟ್ಟ ಮೇಲೆ ಗೊತ್ತಿಲ್ಲದೆ ಉಳಿಯುವವರು ಸ್ವಲ್ಪ ಮಂದಿ. ಅದಕ್ಕೊಂದು ರಿಯಾಯಿತಿ ಇದೆ:

```
n = n0 / (1 + (n0 - 1) / N)
n = 384.16 / (1 + 383.16 / 640) = 240.3
```

ಮೇಲಕ್ಕೆ ಪೂರ್ಣಾಂಕ ಮಾಡಿದರೆ 241.

ಈ ಲೆಕ್ಕವನ್ನು ಸಮಿತಿಯಲ್ಲಿ ಹೇಳಿದಾಗ ಹಿರಿಯರೊಬ್ಬರು, "ಹಂಗಾದ್ರ ನಮ್ಮ ಸಾಲಿ ಒಂದೇ ಯಾಕ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲ್ಲೂಕಿನ ಹೈಸ್ಕೂಲ್ ಮಕ್ಕಳನ್ನ ಕೇಳಿಬಿಡು. ಎಷ್ಟು ಮಂದಿ ಬೇಕಾಗ್ತಾರ?" ಎಂದರು. ನಾನು 385 ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಏನಪಾ ತಮ್ಮಾ, ಆರುನೂರ ನಲವತ್ತು ಮಕ್ಕಳಿಗೆ ಇನ್ನೂರ ನಲವತ್ತೊಂದು ಬೇಕು ಅಂತಿ. ಐದು ತಾಲ್ಲೂಕಿಗೆ ಮುನ್ನೂರ ಎಂಬತ್ತೈದು ಸಾಕು ಅಂತಿ. ಇದೆಂಥ ಲೆಕ್ಕ?"

ಇದು ಎಲ್ಲರೂ ಎಡವುವ ಜಾಗ, ಆದ್ದರಿಂದ ಸ್ವಲ್ಪ ನಿಲ್ಲೋಣ. N ಜಾಗದಲ್ಲಿ 50,000 ಹಾಕಿ ನೋಡಿ, 382 ಬರುತ್ತದೆ. 5 ಲಕ್ಷ ಹಾಕಿ, 384. ಇಡೀ ಕರ್ನಾಟಕ ಹಾಕಿದರೂ 385 ದಾಟುವುದಿಲ್ಲ. ಅದೇ ಮೆಕ್ಕೆಜೋಳದ ಹಿಡಿ. ಅಸಲು ಸಂಖ್ಯೆ 385. ನಮ್ಮ ಶಾಲೆಯ 241 ಅದರ ಮೇಲೆ ಸಿಕ್ಕ ರಿಯಾಯಿತಿ. ರಾಶಿ ಚಿಕ್ಕದಾದಷ್ಟೂ ರಿಯಾಯಿತಿ ಹೆಚ್ಚು, ಆದರೆ ಪಾಲು ದೊಡ್ಡದು. 40 ಮಕ್ಕಳ ಹಳ್ಳಿಶಾಲೆಗೆ ಸೂತ್ರ 37 ಎನ್ನುತ್ತದೆ. ಅಲ್ಲಿ ಸೂತ್ರ ಮಡಚಿಟ್ಟು ಎಲ್ಲರನ್ನೂ ಕೇಳುವುದೇ ಸರಿ. ಹತ್ತಕ್ಕೆ ಒಬ್ಬರಂತೆ ಕೇಳಿದರೆ ಸಾಕು ಎಂದು ಅನೇಕರು ನಂಬಿದ್ದಾರೆ. ನಮ್ಮ ಶಾಲೆಗೆ ಹಾಗೆ ಮಾಡಿದರೆ 64 ಮಕ್ಕಳಾಗುತ್ತಾರೆ, ದೋಷಮಿತಿ ಶೇ. 12ರ ಹತ್ತಿರ ಹೋಗುತ್ತದೆ. ಶೇ. 44 ಓದುತ್ತಾರೆ ಎಂದು ಬಂದರೆ ನಿಜ 32 ಇರಬಹುದು, 56 ಇರಬಹುದು. ಅದರಿಂದ ಯಾವ ಜಗಳವೂ ಬಗೆಹರಿಯದು.

ಹಿರಿಯರಿಗೆ ಇನ್ನೊಂದನ್ನೂ ಹೇಳಬೇಕಾಯಿತು. ಆ 385 ಐದು ತಾಲ್ಲೂಕು ಒಟ್ಟಿಗೆ ಸೇರಿ ಬರುವ ಒಂದೇ ಉತ್ತರಕ್ಕೆ. ಕೊಟ್ಟೂರಿನವರು ಹೆಚ್ಚು ಓದುತ್ತಾರೋ ಹಡಗಲಿಯವರೋ ಎಂದು ಕೇಳಿದಿರೋ, ಲೆಕ್ಕ ಮುರಿಯಿತು. ಐದಕ್ಕೆ ಹಂಚಿದರೆ ತಾಲ್ಲೂಕಿಗೆ 77 ಮಕ್ಕಳು, ಒಂದೊಂದರ ದೋಷಮಿತಿ ಶೇ. 11. ತಾಲ್ಲೂಕಿಗೊಂದು ನಂಬಬಹುದಾದ ಉತ್ತರ ಬೇಕೆಂದರೆ ತಾಲ್ಲೂಕಿಗೆ 385ರಂತೆ 1,925 ಮಕ್ಕಳು ಬೇಕು. ಅಷ್ಟೇ ಅಲ್ಲ, ಐದು ತಾಲ್ಲೂಕಿನ ಎಲ್ಲ ಮಕ್ಕಳ ಹೆಸರಿರುವ ಒಂದೇ ಪಟ್ಟಿ ನಮ್ಮ ಕೈಯಲ್ಲಿಲ್ಲ. ಮೊದಲು ಕೆಲವು ಊರುಗಳನ್ನು ಚೀಟಿ ಎತ್ತಿ, ಆಮೇಲೆ ಆ ಊರಲ್ಲಿ ಮಕ್ಕಳನ್ನು ಚೀಟಿ ಎತ್ತಬೇಕು. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ ಹಾಗೆಯೇ ನಡೆಯುತ್ತದೆ: ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಆದರೆ ಒಂದೇ ಊರಿನ ಮಕ್ಕಳು ಒಬ್ಬರಂತೆ ಒಬ್ಬರಿರುತ್ತಾರೆ. ಪತ್ರಿಕೆ ಬಾರದ ಊರಲ್ಲಿ ಇಪ್ಪತ್ತು ಮಕ್ಕಳನ್ನು ಕೇಳಿದರೂ ಇಪ್ಪತ್ತು ಸಲ ಒಂದೇ ಉತ್ತರ ಕೇಳಿದ ಹಾಗೆ. ಅದಕ್ಕಾಗಿ ಸಂಖ್ಯೆಯನ್ನು ಇನ್ನೂ ಹೆಚ್ಚಿಸಬೇಕು. ಹಿರಿಯರು ಕನ್ನಡಕ ಹಾಕಿಕೊಂಡು, "ಮೊದಲು ನಮ್ಮ ಸಾಲಿ ಮುಗಿಸು" ಎಂದರು.

ಈಗ ನಮ್ಮ ಶಾಲೆಗೇ ಬರೋಣ. 241 ಎಂದು ಗೊತ್ತಾದ ಕೂಡಲೇ ನನ್ನ ಗೆಳೆಯನೊಬ್ಬ ಕೊಟ್ಟ ಸಲಹೆ ಇದು: "ತರಗತಿಯ ವಾಟ್ಸಾಪ್ ಗುಂಪುಗಳಿಗೆ ಒಂದು ಲಿಂಕ್ ಕಳಿಸೋಣ. ಒಂದೇ ದಿನದಲ್ಲಿ 300 ಉತ್ತರ ಬರುತ್ತೆ." ಬರುತ್ತದೆ, ನಿಜ. ಸೂತ್ರಕ್ಕೆ 300 ಕೊಟ್ಟರೆ ದೋಷಮಿತಿ ಶೇ. 4.1 ಎಂದು ತೋರಿಸುತ್ತದೆ. ಚೀಟಿ ಎತ್ತಿ ಬೆವರು ಸುರಿಸಿ ಮಾಡುವ 241ಕ್ಕಿಂತ ಚೆನ್ನಾಗಿ ಕಾಣುತ್ತದೆ. ಆದರೆ ಇದರಲ್ಲೇ ಮೋಸವಿರುವುದು.

ಕಲ್ಪಿಸಿಕೊಳ್ಳಿ. 640 ಮಕ್ಕಳಲ್ಲಿ 400 ಮಕ್ಕಳಿಗೆ ಸಂಜೆ ಫೋನ್ ಕೈಗೆ ಸಿಗುತ್ತದೆ. ಅವರಲ್ಲಿ ಶೇ. 30 ಪತ್ರಿಕೆ ಓದುತ್ತಾರೆ. ಉಳಿದ 240 ಮಕ್ಕಳಿಗೆ ಫೋನ್ ಸಿಗುವುದಿಲ್ಲ, ಅವರಲ್ಲಿ ಶೇ. 60 ಶಾಲೆಯಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ ಓದುತ್ತಾರೆ. ಹಾಗಾದರೆ ನಿಜವಾಗಿ ಓದುವವರು 120 ಮತ್ತು 144, ಒಟ್ಟು 264, ಅಂದರೆ ಶೇ. 41. ಲಿಂಕ್ ಯಾರಿಗೆ ಮುಟ್ಟಿತು? ಆ 400 ಮಕ್ಕಳಿಗೆ ಮಾತ್ರ. ಉತ್ತರ ಶೇ. 30ರ ಆಸುಪಾಸು ಬರುತ್ತದೆ. ಜೊತೆಗೆ 4 ಕೂಡಿಸಿ ಕಳೆದು, "26ರಿಂದ 34ರ ಒಳಗೆ, 95ರ ಭರವಸೆ" ಎಂದು ವರದಿ ಬರೆಯುತ್ತೇವೆ. ನಿಜವಾದ 41 ಆ ಗೆರೆಯ ಹೊರಗೆ ಕುಳಿತಿದೆ. 400 ಮಕ್ಕಳೂ ಉತ್ತರಿಸಿದರೂ ಈ 11ರ ತಪ್ಪು ಕೂದಲೆಳೆಯಷ್ಟೂ ಕದಲುವುದಿಲ್ಲ. ದೋಷಮಿತಿ ಲೆಕ್ಕ ಹಾಕುವುದು ಚೀಟಿಯ ಅದೃಷ್ಟವನ್ನು ಮಾತ್ರ. ಪಟ್ಟಿಯಲ್ಲೇ ಇಲ್ಲದ ಮಗುವನ್ನು ಅದು ನೋಡಲಾರದು. ಫೋನ್ ಬಗ್ಗೆ ಕೇಳುವ ಪ್ರಶ್ನೆಯನ್ನು ಫೋನಿನಲ್ಲೇ ಕಳಿಸುವುದು, ರಾಶಿಯ ಮೇಲಿನ ಒಣಗಿದ ಕಾಳನ್ನು ಮಾತ್ರ ಹಿಡಿದಂತೆ.

ಇದು ಬರೀ ಕಲ್ಪನೆಯಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮುಂಚೆ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. ಹೆಸರುಗಳನ್ನು ಆರಿಸಿದ್ದು ಮುಖ್ಯವಾಗಿ ದೂರವಾಣಿ ಪುಸ್ತಕ ಮತ್ತು ಕಾರು ನೋಂದಣಿ ಪಟ್ಟಿಗಳಿಂದ. ಸುಮಾರು 24 ಲಕ್ಷ ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಎರಡು ರಾಜ್ಯ ಬಿಟ್ಟು ಉಳಿದ ಎಲ್ಲ ಕಡೆ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಜೊತೆಗೆ ಚೀಟಿ ತುಂಬಿ ವಾಪಸು ಕಳಿಸುವ ಉತ್ಸಾಹ ಎಲ್ಲರಿಗೂ ಒಂದೇ ಸಮ ಇರಲಿಲ್ಲ. ಅದೇ ವರ್ಷ ಜಾರ್ಜ್ ಗ್ಯಾಲಪ್ ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿಯಿಂದ ಗೆಲ್ಲುವವರನ್ನು ಸರಿಯಾಗಿ ಹೇಳಿದರು. 24 ಲಕ್ಷಕ್ಕೆ ದೋಷಮಿತಿ ಲೆಕ್ಕ ಹಾಕಿದರೆ ಶೇ. 0.1 ಕೂಡ ಬರುವುದಿಲ್ಲ!

ನಾನೂ ಇದನ್ನು ಮಾಡಿದವನೇ. ಬಿ.ಇ. ಎರಡನೇ ವರ್ಷದಲ್ಲಿ ಹಾಸ್ಟೆಲ್ ಮೆಸ್‌ನ ಬಾಗಿಲಲ್ಲಿ ನಿಂತು ಊಟಕ್ಕೆ ಬಂದ ಅರವತ್ತು ಹುಡುಗರನ್ನು ಕೇಳಿ, "ಕಾಲೇಜಿನಲ್ಲಿ ಪತ್ರಿಕೆ ಓದುವವರೇ ಇಲ್ಲ" ಎಂದು ಗೋಡೆಪತ್ರಿಕೆಯಲ್ಲಿ ಬರೆದೆ. ಮನೆಯಿಂದ ಓಡಾಡುವವರು, ಹುಡುಗಿಯರ ಹಾಸ್ಟೆಲಿನವರು ಒಬ್ಬರೂ ನನ್ನ ಅರವತ್ತರಲ್ಲಿ ಇರಲಿಲ್ಲ. ಒಬ್ಬಳು ಸಹಪಾಠಿ ಅದರ ಕೆಳಗೆ ಪೆನ್ಸಿಲಿನಲ್ಲಿ, "ನಮ್ಮನೇಲಿ ಎರಡು ಪೇಪರ್ ಬರುತ್ತೆ, ಕೇಳಿದ್ದರೆ ಹೇಳುತ್ತಿದ್ದೆ" ಎಂದು ಬರೆದುಹೋಗಿದ್ದಳು.

ಆದ್ದರಿಂದ ನಾವು ಹಾಜರಿ ಪುಸ್ತಕದಿಂದ ಆರಂಭಿಸೋಣ. ಫೋನಿರುವ ಮಗು, ಇಲ್ಲದ ಮಗು, ಬಸ್ಸು ತಡವಾಗುವ ಹಳ್ಳಿಯ ಮಗು, ಎಲ್ಲರ ಹೆಸರೂ ಇರುವ ಪಟ್ಟಿ ಅದೊಂದೇ. ಎಲ್ಲ ತರಗತಿಗಳನ್ನೂ ಸೇರಿಸಿ 1ರಿಂದ 640ರವರೆಗೆ ಸಂಖ್ಯೆ ಕೊಡಿ. ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿದರೂ ಸರಿ, ಗಣಕಯಂತ್ರದ ಕೋಣೆಯಲ್ಲಿ ಈ ಮೂರು ಸಾಲು ಬರೆದರೂ ಸರಿ:

```python
import random
random.seed(50)
print(sorted(random.sample(range(1, 641), 241)))
```

ಎರಡನೇ ಸಾಲಿನ 50 ನಮ್ಮ ಶಾಲೆಯ ವಯಸ್ಸು. ಆ ಸಂಖ್ಯೆಯನ್ನು ಎಲ್ಲರ ಮುಂದೆ ಇವತ್ತೇ ಹೇಳಿಬಿಟ್ಟಿದ್ದೇನೆ. ನಾಳೆ ಯಾರಾದರೂ ತಮ್ಮ ಗಣಕಯಂತ್ರದಲ್ಲಿ ಅದೇ ಪೈಥಾನ್ ಆವೃತ್ತಿಯಲ್ಲಿ ಇದೇ ಮೂರು ಸಾಲು ಓಡಿಸಿದರೆ ಅದೇ 241 ಸಂಖ್ಯೆಗಳು ಬರಬೇಕು. ಬರದಿದ್ದರೆ ನಾನು ನನಗೆ ಬೇಕಾದವರನ್ನು ಆರಿಸಿಕೊಂಡಿದ್ದೇನೆ ಎಂದರ್ಥ.

ಹೆಸರು ಬಂದ ಮಗು ಅವತ್ತು ಶಾಲೆಗೆ ಬಂದಿಲ್ಲದಿದ್ದರೆ ಪಕ್ಕದ ಬೆಂಚಿನವರನ್ನು ಕೇಳಿ ಮುಗಿಸಬೇಡಿ. ಸುಗ್ಗಿಯಲ್ಲಿ ಹೊಲಕ್ಕೆ ಹೋಗುವ ಮಗುವೇ ಹೆಚ್ಚಾಗಿ ಗೈರಾಗುವುದು, ಆ ಮಗುವಿನ ದಿನ ಪಕ್ಕದ ಬೆಂಚಿನವರ ದಿನದಂತೆ ಇರುವುದಿಲ್ಲ. ಮೂರು ದಿನ ಬಿಟ್ಟು ಮತ್ತೆ ಹೋಗಿ, ಬೇಕಾದರೆ ಮನೆಗೆ ಹೋಗಿ. ಕೊನೆಗೂ ಸಿಗದವರು ಎಷ್ಟು ಮಂದಿ ಎಂಬುದನ್ನು ವರದಿಯಲ್ಲಿ ಬರೆಯಿರಿ.

ಪ್ರಶ್ನೆಯ ಬಗ್ಗೆಯೂ ಒಂದು ಮಾತು. "ನೀನು ಪತ್ರಿಕೆ ಓದುತ್ತೀಯಾ?" ಎಂದು ಮೇಷ್ಟ್ರು ಎದುರಿಗೆ ನಿಂತು ಕೇಳಿದರೆ, ಓದುವುದಿಲ್ಲ ಎನ್ನುವ ಧೈರ್ಯ ನನಗಂತೂ ಈಗಲೂ ಇಲ್ಲ. ಈ ಸುಳ್ಳನ್ನೂ ದೋಷಮಿತಿ ಹಿಡಿಯದು. ಹೆಸರು ಬರೆಯಿಸಬೇಡಿ, ಕಾಗದವನ್ನು ಮಡಚಿ ಡಬ್ಬಿಗೆ ಹಾಕಿಸಿ, ಮೇಷ್ಟ್ರು ಹೊರಗಿರಲಿ. "ಓದುತ್ತೀಯಾ" ಬದಲು "ನಿನ್ನೆ ಓದಿದೆಯಾ? ಓದಿದ್ದರೆ ಒಂದು ಸುದ್ದಿ ಬರೆ" ಎಂದು ಕೇಳಿ. ಹೌದು ಎಂದವರಲ್ಲಿ ಸುದ್ದಿಯ ಜಾಗ ಖಾಲಿ ಬಿಟ್ಟವರು ಬಹಳ ಇದ್ದರೆ ಉತ್ತರ ನಂಬುವಂತಿಲ್ಲ ಎಂದು ಗೊತ್ತಾಗುತ್ತದೆ. ಸೋಮವಾರ ಮಾತ್ರ ಕೇಳಬೇಡಿ, ನಿನ್ನೆ ಭಾನುವಾರವಾಗುತ್ತದೆ, ಶಾಲೆಯಲ್ಲಿ ಓದುವ ಮಗು ಓದಿರುವುದಿಲ್ಲ. ಫೋನಿಗೂ ಹಾಗೆಯೇ: ಮನೆಯಲ್ಲಿ ಫೋನ್ ಇದೆಯಾ ಎಂದಲ್ಲ, ನಿನ್ನೆ ನಿನ್ನ ಕೈಯಲ್ಲಿ ಎಷ್ಟು ಹೊತ್ತು ಇತ್ತು ಎಂದು ಕೇಳಿ. ಟೀಚರ್ ಅವತ್ತು ಕೇಳಿದ್ದು ಅದನ್ನೇ.

ಉತ್ತರ ಬಂತು ಎಂದುಕೊಳ್ಳಿ. 241ರಲ್ಲಿ 106 ಮಕ್ಕಳು ನಿನ್ನೆ ಓದಿದ್ದಾರೆ, ಶೇ. 44. ದೋಷಮಿತಿ 5. ಅಂದರೆ ಇಡೀ ಶಾಲೆಯಲ್ಲಿ 39ರಿಂದ 49ರ ಒಳಗೆ. ಅರ್ಧಕ್ಕಿಂತ ಕಡಿಮೆ ಎಂದು ಹೇಳಬಹುದು, ಯಾರೂ ಓದುವುದಿಲ್ಲ ಎಂದು ಹೇಳಲಾಗದು. ಈಗ ಯಾರಾದರೂ ಒಳಗೆ ಇಣುಕಿ, "ಹುಡುಗರು ಶೇ. 48, ಹುಡುಗಿಯರು ಶೇ. 40! ಹುಡುಗಿಯರಿಗೆ ಆಸಕ್ತಿ ಇಲ್ಲ" ಎನ್ನುತ್ತಾರೆ, ಎಂದೇ ಎನ್ನುತ್ತಾರೆ. ಆದರೆ ಹುಡುಗರು 120, ಹುಡುಗಿಯರು 121 ಮಾತ್ರ. ಒಂದೊಂದು ಗುಂಪಿನ ದೋಷಮಿತಿ 7, ಎರಡರ ನಡುವಿನ ವ್ಯತ್ಯಾಸದ ದೋಷಮಿತಿ 10ರ ಹತ್ತಿರ. ಕಂಡ ವ್ಯತ್ಯಾಸ 8. ಅದು ಬರೀ ಚೀಟಿಯ ಆಟ ಇರಬಹುದು. ಹುಡುಗ ಹುಡುಗಿಯರನ್ನು ಹೋಲಿಸಲೇಬೇಕೆಂದಿದ್ದರೆ ಮೊದಲೇ ಹೇಳಬೇಕಿತ್ತು, ಹೆಚ್ಚು ಮಕ್ಕಳನ್ನು ಕೇಳುತ್ತಿದ್ದೆವು. ದೊಡ್ಡ ರಾಶಿಯಲ್ಲಿ ದೋಷಮಿತಿ ಅರ್ಧಕ್ಕಿಳಿಯಬೇಕೆಂದರೆ ಮಾದರಿ ನಾಲ್ಕು ಪಟ್ಟಾಗಬೇಕು, ಅದು ಈ ವರ್ಗಮೂಲದ ಹಟ.

ಕೊನೆಯದಾಗಿ ಸಮಿತಿಗೆ ಒಂದು ಬೇಡಿಕೆ. ಎಷ್ಟು ಬಂದರೆ ವಾಚನಾಲಯ, ಎಷ್ಟು ಬಂದರೆ ಟ್ಯಾಬ್ ಎಂಬುದನ್ನು ಉತ್ತರ ಬರುವ ಮುಂಚೆಯೇ ಬರೆದು ಸಹಿ ಹಾಕೋಣ. ಬಂದ ಮೇಲೆ ಕುಳಿತರೆ 44 ಎಂಬ ಒಂದೇ ಸಂಖ್ಯೆಯನ್ನು ನಾನು ಒಂದು ಕಡೆ ಎಳೆಯುತ್ತೇನೆ, ನೀವು ಇನ್ನೊಂದು ಕಡೆ.

ಹಾಜರಿ ಪುಸ್ತಕಗಳನ್ನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ತೆಗೆದಿಟ್ಟಿದ್ದಾರೆ. ಹತ್ತನೇ ತರಗತಿಯವರು ಊಟ ಮುಗಿಸಿ ಬನ್ನಿ. ಸಂಖ್ಯೆ ಬರೆಯಲು ಕೆಂಪು ಪೆನ್ನು ಇರಲಿ, ಹಳೆಯ ನೀಲಿ ಗುರುತುಗಳ ಜೊತೆ ಕಲೆಸಿಹೋಗಬಾರದು.